ಥಾಸೋಸಿನ ಹೆಂಗಸು, ಹರಿಹರದ ಹುಡುಗಿ: ಕೂದಲು ಕೀಳುವ ಚಟದ ಚರಿತ್ರೆಯಲ್ಲಿ ಒಂದು ತಪ್ಪು ಓದು

ಕೂದಲು ಕೀಳುವ ಚಟವನ್ನು ಕುರಿತ ಲೇಖನಗಳ ಪೀಠಿಕೆಯಲ್ಲಿ ಹಿಪೊಕ್ರಾಟಿಸ್ ತಪ್ಪದೆ ಬರುತ್ತಾನೆ. ಅವನ ಹೆಸರಿನಲ್ಲಿರುವ 'ಎಪಿಡೆಮಿಕ್ಸ್' ಗ್ರಂಥದ ಮೂರನೆಯ ಪುಸ್ತಕದಲ್ಲಿ ಥಾಸೋಸ್ ದ್ವೀಪದ ಡೆಲಿಯಾರ್ಸಿಸನ ಹೆಂಡತಿಯ ವೃತ್ತಾಂತವಿದೆ. ದುಃಖವೊಂದರ ಬೆನ್ನಿಗೆ ಕಾಯಿಲೆ ಬಿದ್ದವಳು ತನ್ನ ಕೂದಲನ್ನು ಕೀಳುತ್ತಿದ್ದಳು ಎಂಬುದಿಷ್ಟನ್ನೇ ಎತ್ತಿಕೊಂಡು, ಈ ರೋಗದ ಮೊದಲ ದಾಖಲೆ ಇದೇ ಎಂದು ಸಾರಿಬಿಡುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿ ಬರೆದಿದ್ದಾರೆ. ವೃತ್ತಾಂತವನ್ನು ಕೊನೆಯವರೆಗೆ ಓದಿದವರು ಇವರಲ್ಲಿ ಎಷ್ಟು ಜನ ಎಂಬ ಅನುಮಾನ ನನಗಿದೆ.

ಓದಿದರೆ ಅಲ್ಲಿ ಸಿಗುವುದು ಬೇರೆಯೇ ರೋಗಿ. ಅವಳಿಗೆ ಬಂದದ್ದು ನಡುಕದೊಡನೆ ಏರಿದ ತೀವ್ರ ಜ್ವರ. ಮೊದಲ ದಿನದಿಂದಲೂ ಹೊದ್ದುಕೊಂಡು ಮುದುಡಿದ್ದಾಳೆ, ಮಾತಿಲ್ಲ, ನಿದ್ದೆಯಿಲ್ಲ. ಕೈ ಸುಮ್ಮನೆ ತಡಕಾಡುತ್ತದೆ, ಕೀಳುತ್ತದೆ, ಕೆರೆಯುತ್ತದೆ, ಕೂದಲನ್ನು ಆಯುತ್ತದೆ. ಅಳು ಬಂದ ಹಿಂದೆಯೇ ನಗು. ನಡುನಡುವೆ ಬಡಬಡಿಕೆ, ಮತ್ತೆ ಸ್ವಲ್ಪ ಹೊತ್ತು ನೆಟ್ಟಗಿನ ಬುದ್ಧಿ. ಉಸಿರಾಟ ಕೆಟ್ಟು ಇಪ್ಪತ್ತೊಂದನೆಯ ದಿನ ಸಾಯುತ್ತಾಳೆ. ವೃತ್ತಾಂತದ ಕೊನೆಯಲ್ಲಿರುವ ರೋಗದ ಹೆಸರು 'ಫ್ರೆನೈಟಿಸ್'. ನಮ್ಮ ಹಿರಿಯರು ಇದನ್ನು ಒಂದೇ ಮಾತಿನಲ್ಲಿ ಸನ್ನಿ ಎನ್ನುತ್ತಿದ್ದರು.

ಕೂದಲಿಗೆ ಹೋದ ಆ ಕೈಯನ್ನು ಹೇಗೆ ಅರ್ಥಮಾಡಬೇಕೆಂಬುದಕ್ಕೆ ಅದೇ ಪರಂಪರೆಯ 'ಪ್ರೊಗ್ನಾಸ್ಟಿಕ್' ಗ್ರಂಥ ಸಾಕ್ಷಿ. ತೀವ್ರ ಜ್ವರದ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯಹೋದರೆ, ಹೊದಿಕೆಯ ಎಳೆ ಬಿಡಿಸಿದರೆ, ಗೋಡೆಯಿಂದ ಹುಲ್ಲಿನ ಚೂರು ಕಿತ್ತರೆ ಅದು ಸಾವಿನ ಸೂಚನೆ ಎಂದು ಅದು ಹೇಳುತ್ತದೆ. ಥಾಸೋಸಿನ ಹೆಂಗಸಿನ ಬೆರಳು ಈ ಸಾಲಿಗೆ ಸೇರಿದ್ದು. ಅವಳ ತಲೆಯಲ್ಲಿ ಬೋಳು ಬಿದ್ದಿತ್ತೆಂದು ಯಾರೂ ಬರೆದಿಲ್ಲ. ತಿಂಗಳುಗಟ್ಟಲೆ ನಡೆದ ಅಭ್ಯಾಸದ ಸುಳಿವೂ ಇಲ್ಲ. ದುಃಖದ ಉಲ್ಲೇಖ ಇರುವುದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಅದನ್ನೇ ಹಿಡಿದು ಚಟವನ್ನು ಕಟ್ಟುವುದು ಜ್ವರವನ್ನು ಮುಚ್ಚಿಟ್ಟು ಮಾಡುವ ಓದು.

ಇದು ಪಂಡಿತರ ಜಗಳ ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಆ ಹೆಂಗಸನ್ನು ಈ ಚಟದ ಮೊದಲ ರೋಗಿಯನ್ನಾಗಿ ಮಾಡಿದ ಕೂಡಲೇ ಕೂದಲು ಕೀಳುವ ಪ್ರತಿ ಮಗುವಿನ ಹಿಂದೆ ಒಂದು ಬಚ್ಚಿಟ್ಟ ದುಃಖವೋ ಬುದ್ಧಿಭ್ರಮಣೆಯೋ ಇರಲೇಬೇಕೆಂಬ ಹುಡುಕಾಟ ಶುರುವಾಗುತ್ತದೆ. ನಿಜವಾದ ಮೊದಲ ವೈದ್ಯಕೀಯ ನಿರೂಪಣೆ 1889ರದು, ಪ್ಯಾರಿಸಿನ ಚರ್ಮವೈದ್ಯ ಅಲೊಪೋ ಬರೆದದ್ದು. ಅವನ ರೋಗಿ ಮೈಮೇಲಿನ ಕೂದಲನ್ನೆಲ್ಲ ಕೀಳುತ್ತಿದ್ದ ಒಬ್ಬ ತರುಣ. ಉಳಿದೆಲ್ಲದರಲ್ಲಿ ಬುದ್ಧಿ ನೆಟ್ಟಗಿತ್ತು. ತಡೆಯಲಾರದ ತುರಿಕೆಯೊಂದು ಅವನನ್ನು ಕಾಡುತ್ತಿತ್ತು, ಕಿತ್ತಾಗ ಹಾಯೆನಿಸುತ್ತಿತ್ತು. ಈ ಕಾಯಿಲೆಗೆ ಮದ್ದಿಲ್ಲ ಎಂದುಬಿಟ್ಟದ್ದು ಅಲೊಪೋನ ತಪ್ಪು. ಆದರೆ ಚರ್ಮದ ಅನುಭವದಿಂದ ಹೊರಟದ್ದು ಸರಿ. ಮೊಡವೆ ಚಿವುಟಿ ಮುಖ ಗಾಯ ಮಾಡಿಕೊಳ್ಳುವ ಹುಡುಗಿಯರನ್ನು ಅದೇ ಊರಿನ ಬ್ರೊಕ್ 1898ರಲ್ಲಿ ವರ್ಣಿಸಿದ. ಅಲ್ಲಿಯೂ ಕೆಲಸ ಬೆರಳಿನದೇ.

ಅಮೆರಿಕದ ರೋಗಸೂಚಿ 1987ರಿಂದ ಕೀಳುವ ಮುನ್ನ ಬಿಗುವು, ಕಿತ್ತ ಮೇಲೆ ನೆಮ್ಮದಿ ಇರಲೇಬೇಕೆಂದು ಹಟ ಹಿಡಿಯಿತು. ಟಿವಿ ನೋಡುತ್ತ ತನಗೇ ತಿಳಿಯದೆ ಕೀಳುವವರು ಇದರಿಂದ ಹೊರಗುಳಿದರು. 2013ರಲ್ಲಿ ಆ ಷರತ್ತು ಬಿದ್ದುಹೋಯಿತು, ಚರ್ಮ ಕೀಳುವುದಕ್ಕೂ ಅದೇ ಗುಂಪಿನಲ್ಲಿ ಜಾಗ ಸಿಕ್ಕಿತು. ತಡವಾಯಿತು ಎಂದಷ್ಟೇ ನನ್ನ ದೂರು.

ಈಗ ಹರಿಹರಕ್ಕೆ ಬರೋಣ. ಹಲವು ಮಕ್ಕಳ ಲಕ್ಷಣಗಳನ್ನು ಸೇರಿಸಿ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳುತ್ತೇನೆ. ಸಾರಥಿ ಕಡೆಯಿಂದ ಬಸ್ಸಿನಲ್ಲಿ ಹರಿಹರದ ಶಾಲೆಗೆ ಬರುವ ಹತ್ತನೆಯ ತರಗತಿಯವಳು. ನೆತ್ತಿಯ ಬಲಗಡೆ ಅಂಗೈಯಗಲ ಕೂದಲು ವಿರಳವಾಗಿದೆ. 'ತಲೆಗೆ ಹುಳ ಬಿದ್ದಿದೆ' ಎಂದು ಅಜ್ಜಿ ಈರುಳ್ಳಿ ತಿಕ್ಕಿದ್ದಾರೆ. ಅಜ್ಜಿಯ ಊಹೆ ಅಸಡ್ಡೆಯದಲ್ಲ. ಆಯುರ್ವೇದದ ಇಂದ್ರಲುಪ್ತವೂ ಹೀಗೆ ತೇಪೆತೇಪೆಯಾಗಿಯೇ ಬರುತ್ತದೆ, ಸುಶ್ರುತ ಅದಕ್ಕೆ ಗುಲಗಂಜಿಯ ಲೇಪ ಹೇಳುತ್ತಾನೆ. ಆದರೆ ಈ ತಲೆಗೆ ಅಂಥದ್ದು ಸಲ್ಲದು. ಉರಿದ ಚರ್ಮ ತುರಿಸುತ್ತದೆ, ತುರಿಸಿದಲ್ಲಿಗೆ ಬೆರಳು ಹೋಗುತ್ತದೆ, ಹಕ್ಕಳೆ ಕಟ್ಟಿದರೆ ಅದನ್ನೂ ಕೀಳುತ್ತದೆ.

ಇಂದ್ರಲುಪ್ತವನ್ನೂ ಕೀಳುವ ಚಟವನ್ನೂ ಬೇರೆ ಮಾಡುವುದು ತೇಪೆಯ ನೆಲ. ಇಂದ್ರಲುಪ್ತದಂಥ ರೋಗದಲ್ಲಿ ಅದು ದುಂಡಗೆ, ನುಣ್ಣಗೆ ಇರುತ್ತದೆ. ಅಂಚಿನ ಕೂದಲು ಬುಡದಲ್ಲಿ ಸಣ್ಣಗಾಗಿ ಆಶ್ಚರ್ಯಸೂಚಕ ಚಿಹ್ನೆಯಂತೆ ಕಾಣುತ್ತದೆ. ಈ ಹುಡುಗಿಯ ತೇಪೆಗೆ ದುಂಡಗಿನ ಅಂಚಿಲ್ಲ, ನೆಲ ಪೂರ್ತಿ ಬೋಳೂ ಅಲ್ಲ. ಒಂದೊಂದು ಅಳತೆಗೆ ತುಂಡಾದ ಮೋಟು ಕೂದಲು ಕೈಗೆ ಚುಚ್ಚುತ್ತದೆ. ಹೊಟ್ಟು ಎದ್ದಿದ್ದರೆ ಹುಳುಕಡ್ಡಿಯ ಶಂಕೆ ಇಟ್ಟುಕೊಂಡು ಕೂದಲನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಸಂದೇಹ ಉಳಿದರೆ ತೇಪೆಯೊಳಗೆ ಪುಟ್ಟ ಚೌಕವನ್ನು ವಾರವಾರ ಬೋಳಿಸಿ ಕಾಯುವ ಹಳೆಯ ಉಪಾಯವಿದೆ. ಬೆರಳಿಗೆ ಸಿಗದಷ್ಟು ಗಿಡ್ಡವಾದ ಕೂದಲು ಅಲ್ಲಿ ಒತ್ತಾಗಿ, ಸಮನಾಗಿ ಬೆಳೆದರೆ ಬೇರು ಗಟ್ಟಿಯಾಗಿದೆ ಎಂದರ್ಥ. ಇದನ್ನು ಹುಡುಗಿಯ ಒಪ್ಪಿಗೆಯಿಲ್ಲದೆ ಮಾಡಬಾರದು, ಸಿಕ್ಕಿಬಿದ್ದೆಯೆಂದು ತೋರಿಸಲೂ ಬಳಸಬಾರದು. ತಲೆಯನ್ನೇ ಬೋಳಿಸಿ ದೇವರಿಗೆ ಮುಡಿ ಕೊಟ್ಟುಬಿಡೋಣ ಎಂಬ ಮನೆಯವರ ಯೋಚನೆಗೂ ನನ್ನ ಆಕ್ಷೇಪವಿದೆ. ಹರಕೆಯ ಮೇಲೆ ಸಿಟ್ಟಿಲ್ಲ. ಕೂದಲು ಬೆರಳಿಗೆ ಸಿಗುವಷ್ಟು ಬೆಳೆದ ಮೇಲೆ ಚಟವೂ ಮರಳಬಹುದು, ಅಷ್ಟರಲ್ಲಿ ತರಗತಿಯಲ್ಲಿ ಅವಮಾನ ಆಗಿಹೋಗಿರುತ್ತದೆ.

'ನೀನೇ ಕೀಳುತ್ತೀಯಲ್ಲವೇ' ಎಂದು ಅಪ್ಪ ಅಮ್ಮನ ಮುಂದೆ ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು, 'ಓದುವಾಗ ಬೆರಳು ತಲೆಗೆ ಹೋಗುವುದು ಎಷ್ಟೋ ಜನರಿಗುಂಟು, ನಿನಗೂ ಹಾಗಾಗುತ್ತದೆಯೇನಮ್ಮ?' ಎಂದು ಕೇಳುವುದು ಬೇರೆ. ಹೌದೆಂದಳು ಎಂದುಕೊಳ್ಳಿ. ಮುಂದಿನ ಪ್ರಶ್ನೆ ಕಿತ್ತದ್ದನ್ನು ಏನು ಮಾಡುತ್ತಾಳೆಂಬುದು. ನುಂಗುತ್ತಿದ್ದು, ಹೊಟ್ಟೆನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ಇದ್ದರೆ ಜಠರದಲ್ಲಿ ಕೂದಲಿನ ಉಂಡೆ ಕಟ್ಟಿರಬಹುದು. ಆಗ ಸ್ಕ್ಯಾನಿಂಗ್, ಶಸ್ತ್ರವೈದ್ಯರ ಸಲಹೆ ತಡವಾಗಬಾರದು.

ಚಿಕಿತ್ಸೆಯ ತಿರುಳು 1973ರಲ್ಲಿ ಆಜ್ರಿನ್ ಮತ್ತು ನನ್ ಕೊಟ್ಟ ಅಭ್ಯಾಸ ಬದಲಿಸುವ ವಿಧಾನ. ಹುಡುಗಿ ಒಂದು ವಾರ ಏನನ್ನೂ ನಿಲ್ಲಿಸುವುದಿಲ್ಲ, ಬರೆದಿಡುತ್ತಾಳೆ ಅಷ್ಟೇ: ಎಲ್ಲಿ, ಯಾವ ಹೊತ್ತು, ಯಾವ ಕೈ. ರಾತ್ರಿ ಗಣಿತ ಮಾಡುವಾಗ ಎಡಗೈ ಮೇಜಿಗೆ, ಬಲಗೈ ನೆತ್ತಿಗೆ, ಮೊದಲು ಒರಟು ಕೂದಲಿನ ತಡಕಾಟ, ಆಮೇಲೆ ಎಳೆತ ಎಂದು ತಿಳಿಯುತ್ತದೆ. ತಡಕಾಟ ಶುರುವಾದಾಗಲೇ ಮುಷ್ಟಿ ಕಟ್ಟಿ ಕೈಯನ್ನು ಕೆಳಗಿಟ್ಟು ಮೂರು ನಿಮಿಷ ಹಿಡಿಯುವುದು ಬದಲಿ ಕ್ರಿಯೆ. ಓದುವ ಹೊತ್ತಿಗೆ ತಲೆಗೆ ಬಟ್ಟೆ, ಬೆರಳ ತುದಿಗೆ ಬ್ಯಾಂಡೇಜ್ ಟೇಪು. ಚರ್ಮ ಚಿವುಟುವವರಾದರೆ ಉಗುರು ಕತ್ತರಿಸುವುದು, ಕನ್ನಡಿಯ ಮುಂದಿನ ಸಮಯ ಕಡಿಮೆ ಮಾಡುವುದು. ಅಮ್ಮನ ಪಾಲಿಗೆ ಇರುವುದು ಒಂದೇ ಕೆಲಸ: 'ಕೈ ತೆಗಿ' ಎನ್ನದೆ, ಮೊದಲೇ ಮಗಳೊಡನೆ ಗೊತ್ತುಮಾಡಿಕೊಂಡ ಸನ್ನೆ ಮಾಡುವುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲನ್ನು ದಿನಾ ಅಳೆದು ಬೈಯುವ ಬದಲು, ಕೀಳದೆ ಕಳೆದ ಸಂಜೆಗಳನ್ನು ಲೆಕ್ಕ ಹಾಕುವುದು ಮೇಲು.

ಮಾತ್ರೆಗೆ ಆತುರಪಡುವ ವೈದ್ಯರ ಜತೆ ನನ್ನ ಭಿನ್ನಾಭಿಪ್ರಾಯ ಇಲ್ಲಿದೆ. ಎನ್-ಅಸಿಟೈಲ್ ಸಿಸ್ಟೀನ್ ದೊಡ್ಡವರಲ್ಲಿ 2009ರ ಪ್ರಯೋಗದಲ್ಲಿ ಗುಣ ತೋರಿಸಿತು. 2013ರಲ್ಲಿ 39 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲಾಗಿ ಕೆಲಸ ಮಾಡಲಿಲ್ಲ. ಜತೆಗೆ ಖಿನ್ನತೆ, ಆತಂಕ ಇದ್ದರೆ ಅದಕ್ಕೆ ಮದ್ದು ಬೇರೆ ಮಾತು, ಅದನ್ನು ಮನೋವೈದ್ಯರು ನೋಡಬೇಕು. ಪರೀಕ್ಷೆ ಹತ್ತಿರ ಬಂದಾಗ ಬೆರಳು ಮತ್ತೆ ನೆತ್ತಿಗೆ ಹೋದರೆ ಹುಡುಗಿ ಆ ವಾರದ ಬರಹವನ್ನು ಹೊಸದಾಗಿ ಶುರುಮಾಡುತ್ತಾಳೆ, ಹಳೆಯ ಹಾಳೆಯನ್ನು ಹರಿಯಬೇಕಾಗಿಲ್ಲ.