ಜೋಗುಳದ ಗತಿ

ಜೋಗುಳವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ನಾಮಕರಣದ ದಿನ ಮುತ್ತೈದೆಯರು ಹಾಡುವ ತೊಟ್ಟಿಲ ಪದ. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಶಿಶುವನ್ನು ಹೊಸ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ರಾಮನನ್ನೋ ಕೃಷ್ಣನನ್ನೋ ತೂಗಿದಂತೆ ಹಾಡುವ ಆ ಪದ ಬಂದವರ ಕಿವಿಗಾಗಿ ಹುಟ್ಟಿದ್ದು. ಹದಿನೈದು ದಿನ ತುಂಬದ ಕೂಸಿಗೆ ನಿದ್ರೆ ಬರಿಸುವುದಕ್ಕೆ ಹಾಡೇ ಬೇಕಿಲ್ಲ. ಅದು ತಾನೇ ಮಲಗಿರುತ್ತದೆ. ಹಾಡು ನಿಜವಾಗಿ ಬೇಕಾಗುವುದು ಒಂದೂವರೆ ಎರಡು ವರ್ಷದ ತುಂಟನಿಗೆ. ಅವನಿಗೆ ತೊಟ್ಟಿಲು ಚಿಕ್ಕದಾಗಿದೆ, ಕಾಲು ಬಂದಿದೆ, ಕಣ್ಣೆಳೆಯುತ್ತಿದ್ದರೂ ನಿದ್ದೆ ಬೇಡ.

ಈ ವಯಸ್ಸಿನ ಮಗುವನ್ನು ಚೆನ್ನಾಗಿ ಬಲ್ಲವರು ಹದಿನಾರನೆಯ ಶತಮಾನದ ಪುರಂದರದಾಸರು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಅವರ ಪದವನ್ನು ಕೇಳದವರಾರು? ಮೊಲೆಹಾಲು ಬೇಡುವುದಿಲ್ಲ, ಅಳುವುದಿಲ್ಲ, ಚಿಣ್ಣರನ್ನು ಬಡಿಯುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಬಳಿಗೆ ಹೋಗುವುದಿಲ್ಲವೆಂದು ಕೃಷ್ಣ ಕೊಡುವ ಮಾತುಗಳೆಲ್ಲ ನಮ್ಮ ನಿಮ್ಮ ಮನೆಯ ತುಂಟತನದ ಪಟ್ಟಿಯೇ. ಆದರೆ ಅದು ಮಗುವಿನ ಬಾಯಿಯ ಹಾಡು. ಕೇಳಿದ ಮಗು ನಗುತ್ತದೆಯೇ ಹೊರತು ಮಲಗುವುದಿಲ್ಲ. ಗುಮ್ಮನ ಹೆದರಿಕೆಯಿಂದ ಬಂದ ನಿದ್ರೆಯೂ ನಡುರಾತ್ರಿ ಬೆಚ್ಚಿ ಒಡೆಯುತ್ತದೆ.

ಮಲಗಿಸುವ ಕೆಲಸವನ್ನು ಕನ್ನಡದ ಹೆಂಗಸರು ವಹಿಸಿದ್ದು ಹೆಚ್ಚಾಗಿ ತ್ರಿಪದಿಗೆ. ಬಹು ಹಳೆಯ ಮಟ್ಟು ಇದು. ಸುಮಾರು ಕ್ರಿ. ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕೆಣಕಿದವರನ್ನು ಬಿಡದ ಒಬ್ಬ ವೀರನ ಬಣ್ಣನೆಗೆ ಇದು ಬಳಕೆಯಾಗಿದೆ. ಅದೇ ಛಂದಸ್ಸು ಬೀಸುವ ಕಲ್ಲಿನ ಮುಂದೆಯೂ ಜೋಲಿಯ ಬಳಿಯೂ ಬಂದು ಕುಳಿತಿತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ ಓದುಬಲ್ಲವರು ಇದರ ಸೊಗಸಿಗೆ ಬೆರಗಾದರು. ಆದರೆ ಅಚ್ಚಿನಲ್ಲಿ ಕಾಣುವುದು ಒಂದು, ಹಾಡಿನಲ್ಲಿ ಕೇಳುವುದು ಇನ್ನೊಂದು.

ಲೆಕ್ಕ ತೋರಿಸಲೆಂದು ನಾನೇ ಕಟ್ಟಿದ ಒಂದು ತ್ರಿಪದಿಯನ್ನು ನೋಡಿ. ಇದರಲ್ಲಿ ಕವಿತೆಯನ್ನು ಹುಡುಕಬೇಡಿ.

ಬಂಗಾರ ಕಂದಯ್ಯ ಬಾಗಿಲಿಗೆ ನಿಂತಾನ
ಅಂಗಳದ ಗುಬ್ಬಿ ಕರೆದಾನ ಕಣ್ಣೀಗೆ
ಹಿಂಗ್ಯಾಕೊ ನಿದ್ದಿ ಬರಲಿಲ್ಲ

ಇಲ್ಲಿ ಒಂದೊಂದು ಪದವೂ ಒಂದೊಂದು ಗಣ. ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಒಟ್ಟು 11. ಆರನೆಯ ಮತ್ತು ಹತ್ತನೆಯ ಗಣಗಳು, ಎಂದರೆ ‘ಗುಬ್ಬಿ’, ‘ನಿದ್ದಿ’ ಎಂಬ ಮಾತುಗಳು, ಚಿಕ್ಕವು. ಅವು ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಹನ್ನೊಂದು ಬೆಸ ಸಂಖ್ಯೆ. ತೂಗುವ ಕೈಗೆ ಅದು ಒಗ್ಗದು. ಆದ್ದರಿಂದ ಹಾಡುವವಳು ಮೊದಲ ಸಾಲನ್ನು ಹೇಳಿ, ಎರಡನೆಯ ಸಾಲಿನಲ್ಲಿ ‘ಕರೆದಾನ’ ಎಂಬಲ್ಲಿಗೆ ನಿಲ್ಲುತ್ತಾಳೆ. ಉಸಿರು ತೆಗೆದುಕೊಂಡು ‘ಅಂಗಳದ’ ಎಂದು ಮತ್ತೆ ಹಿಡಿದು, ಈ ಸಲ ‘ಕಣ್ಣೀಗೆ’ ಎಂಬುದನ್ನೂ ಸೇರಿಸಿ, ಮೂರನೆಯ ಸಾಲನ್ನು ಮುಗಿಸುತ್ತಾಳೆ. ಈಗ ಎಣಿಸಿದರೆ ನಾಲ್ಕು ಮೂರು ಏಳು, ಮತ್ತೆ ನಾಲ್ಕು ಮೂರು ಏಳು. ಮೂರು ಸಾಲಿನ ಪದ್ಯ ಎರಡು ಸಮಭಾಗವಾಯಿತು: ಜೋಲಿ ಅತ್ತ ಹೋಗಲು ಒಂದು, ಇತ್ತ ಬರಲು ಒಂದು. ಚಿಕ್ಕ ಗಣವೂ ಎರಡು ಭಾಗಗಳಲ್ಲಿ ಒಂದೇ ಸ್ಥಾನಕ್ಕೆ, ಕೊನೆಯಿಂದ ಎರಡನೆಯದಾಗಿ, ಬೀಳುತ್ತದೆ. ಛಂದಸ್ಸಿನ ಹೆಸರನ್ನೇ ಕೇಳದ ಹೆಂಗಸರು ಇದನ್ನು ತಪ್ಪದೆ ಪಾಲಿಸಿಕೊಂಡು ಬಂದರು. ಪುಸ್ತಕ ಹಿಡಿದು ಹಾಡುವವರು ಮೂರು ಸಾಲನ್ನು ಮೂರಾಗಿಯೇ ಓದಿ, ಮಗು ಏಕೆ ಕಣ್ಣು ಬಿಟ್ಟಿತೆಂದು ಕೇಳುತ್ತಾರೆ.

ಮರಳಿ ಹೇಳುವುದರಿಂದ ಇನ್ನೊಂದು ಲಾಭವಿದೆ. ಮಾತು ಕಲಿಯುತ್ತಿರುವ ಮಗುವಿಗೆ ಹೊಸ ಸುದ್ದಿಯೆಂದರೆ ಎಚ್ಚರ; ಕೇಳಿದ್ದನ್ನೇ ಕೇಳಿದರೆ ಕಿವಿ ಸಡಿಲವಾಗುತ್ತದೆ. ಕಥೆ ಬೆಳೆಯುವ ತೊಟ್ಟಿಲ ಪದಗಳು ಇಲ್ಲಿ ಸೋಲುತ್ತವೆ. ರಾವಣ ಬಂದನೆಂದರೆ ಸಾಕು, ಮುಂದೇನೆಂದು ಮಗು ಎದ್ದು ಕುಳಿತೀತು.

ಹಾಡುವವರು ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಬೇಸರ ಬಂದಾಗ ಗತಿ ತಾನಾಗಿ ಬಿರುಸಾಗುತ್ತದೆ, ತಟ್ಟುವ ಕೈಯೂ ಬಿರುಸಾಗುತ್ತದೆ, ಮಗು ಹೊರಳುತ್ತದೆ. ಇನ್ನೊಂದು, ಕಣ್ಣು ಮುಚ್ಚಿದೊಡನೆ ಹಾಡನ್ನು ಕತ್ತರಿಸಿದಂತೆ ನಿಲ್ಲಿಸುವುದು. ಬಲ್ಲವರು ಹಾಗೆ ಮಾಡುವುದಿಲ್ಲ. ಮೊದಲು ಪದ್ಯದ ಮಾತು ಬಿಟ್ಟುಹೋಗಿ ಬರಿಯ ಜೋ ಜೋ ಉಳಿಯುತ್ತದೆ. ಆಮೇಲೆ ಅದೂ ಹೋಗಿ ಮುಚ್ಚಿದ ಬಾಯಿಯ ಗುನುಗು. ಕೊನೆಗೆ ಗುನುಗೂ ನಿಂತು ಕೈ ಮಾತ್ರ ತಟ್ಟುತ್ತಿರುತ್ತದೆ. ಸೆರಗು ಹಿಡಿದಿದ್ದ ಮಗುವಿನ ಬೆರಳುಗಳು ತಾವಾಗಿ ಬಿಚ್ಚಿಕೊಂಡ ಮೇಲೆ ತಟ್ಟುವುದನ್ನೂ ನಿಲ್ಲಿಸಬಹುದು.