ರ‍್ಯಾಪಿಡ್ ಆಂಟಿಜೆನ್ ಟೆಸ್ಟ್: ಒಂದೇ ಗೆರೆ ಬಂದರೆ ಸೋಂಕಿಲ್ಲ ಎಂದರ್ಥವೇ?

ಜ್ವರ, ಕೆಮ್ಮು, ಗಂಟಲು ನೋವು ಇದೆ. ಮನೆಯಲ್ಲೇ ಕೋವಿಡ್ ಕಿಟ್ ತಂದು ಪರೀಕ್ಷಿಸಿದರೆ 'ಸಿ' ಅಕ್ಷರದ ಎದುರು ಮಾತ್ರ ಗೆರೆ ಮೂಡಿದೆ. 'ಟಿ' ಎದುರು ಏನೂ ಇಲ್ಲ. ಫಲಿತಾಂಶ ನೆಗೆಟಿವ್ ಎಂದು ನಿಟ್ಟುಸಿರು ಬಿಟ್ಟು ಮರುದಿನ ಕಚೇರಿಗೆ ಹೊರಡುವವರೇ ಹೆಚ್ಚು. ಆದರೆ ಆ ಒಂಟಿ ಗೆರೆಯ ಅರ್ಥ ಇಷ್ಟೇ: ಪಟ್ಟಿಯ ಕಣ್ಣಿಗೆ ಬೀಳುವಷ್ಟು ವೈರಸ್ ಪ್ರೋಟೀನ್ ಈ ಮಾದರಿಯಲ್ಲಿ ಇರಲಿಲ್ಲ. ಸೋಂಕೇ ಇಲ್ಲ ಎಂಬುದು ಬೇರೆ ಮಾತು.

ಸೋಂಕು ಇದ್ದರೂ ನೆಗೆಟಿವ್ ತೋರಿಸುವುದನ್ನು ಫಾಲ್ಸ್ ನೆಗೆಟಿವ್ ಎನ್ನುತ್ತಾರೆ. ಇದು ಏಕೆ ಆಗುತ್ತದೆ ಎಂದು ತಿಳಿಯಲು ಪ್ಲಾಸ್ಟಿಕ್ ಡಬ್ಬಿಯೊಳಗಿನ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಪಟ್ಟಿಯೊಳಗೆ ಏನು ನಡೆಯುತ್ತದೆ?

ಈ ವಿಧಾನದ ಹೆಸರು ಲ್ಯಾಟರಲ್ ಫ್ಲೋ. ಅಂದರೆ ದ್ರವ ಪಟ್ಟಿಯ ಉದ್ದಕ್ಕೂ ತಾನಾಗಿಯೇ ಹರಿದು ಹೋಗುವುದು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಇಲ್ಲಿ ಪಟ್ಟಿಯೇ ದ್ರವವನ್ನು ಎಳೆದುಕೊಳ್ಳುತ್ತದೆ. ಬ್ಯಾಟರಿಯಾಗಲಿ, ಯಂತ್ರವಾಗಲಿ ಬೇಕಿಲ್ಲ.

ಮೂಗಿನಿಂದ ತೆಗೆದ ಸ್ವ್ಯಾಬ್ ಅನ್ನು ಮೊದಲು ಟ್ಯೂಬ್‌ನಲ್ಲಿರುವ ದ್ರವದಲ್ಲಿ ಅದ್ದಿ ತಿರುಗಿಸುತ್ತಾರೆ. ಈ ದ್ರವದಲ್ಲಿ ಸೋಪಿನಂಥ ಅಂಶ ಇರುತ್ತದೆ. ಅದು ವೈರಸ್‌ನ ಹೊರಪದರವನ್ನು ಕರಗಿಸಿ ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನ್ ಹೊರಬರುವಂತೆ ಮಾಡುತ್ತದೆ. ಬಹುತೇಕ ಕೋವಿಡ್ ಆಂಟಿಜೆನ್ ಕಿಟ್‌ಗಳು ಹುಡುಕುವುದು ಇದೇ ಪ್ರೋಟೀನನ್ನು. ವೈರಸ್‌ನ ಮೇಲಿನ ಮುಳ್ಳುಗಳಿಗಿಂತ ಇದು ಹೆಚ್ಚು ಪ್ರಮಾಣದಲ್ಲಿರುತ್ತದೆ ಮತ್ತು ಹೊಸ ತಳಿಗಳಲ್ಲಿ ಅಷ್ಟಾಗಿ ಬದಲಾಗುವುದಿಲ್ಲ.

ಹನಿಗಳನ್ನು ಡಬ್ಬಿಯ ಗುಂಡಿಗೆ ಹಾಕಿದಾಗ ದ್ರವ ಮೊದಲು ಒಂದು ಸಣ್ಣ ಪ್ಯಾಡ್ ದಾಟುತ್ತದೆ. ಅಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಚಿನ್ನ ಇಷ್ಟು ಚಿಕ್ಕ ಕಣವಾದಾಗ ಹಳದಿಯಾಗಿ ಅಲ್ಲ, ಕೆಂಪಾಗಿ ಕಾಣುತ್ತದೆ. ಗೆರೆಯ ಬಣ್ಣ ಬರುವುದು ಇದರಿಂದಲೇ. ದ್ರವದಲ್ಲಿ ವೈರಸ್ ಪ್ರೋಟೀನ್ ಇದ್ದರೆ ಈ ಪ್ರತಿಕಾಯಗಳು ಅದನ್ನು ಹಿಡಿದುಕೊಂಡು ಮುಂದೆ ಸಾಗುತ್ತವೆ.

ಮುಂದೆ 'ಟಿ' ಗೆರೆಯ ಜಾಗದಲ್ಲಿ ಇನ್ನೊಂದು ಬಗೆಯ ಪ್ರತಿಕಾಯಗಳನ್ನು ಪಟ್ಟಿಗೆ ಅಂಟಿಸಿರುತ್ತಾರೆ. ಅವು ಅದೇ ಪ್ರೋಟೀನಿನ ಬೇರೊಂದು ಭಾಗವನ್ನು ಹಿಡಿಯುತ್ತವೆ. ಹೀಗೆ ಪ್ರೋಟೀನ್ ಎರಡು ಪ್ರತಿಕಾಯಗಳ ನಡುವೆ ಸಿಕ್ಕಿಬಿದ್ದಾಗ ಅದರ ಜತೆಗಿದ್ದ ಚಿನ್ನದ ಕಣವೂ ಅಲ್ಲೇ ನಿಲ್ಲುತ್ತದೆ. ಒಂದೆರಡು ಕಣ ನಿಂತರೆ ಕಣ್ಣಿಗೆ ಕಾಣದು. ಅಪಾರ ಸಂಖ್ಯೆಯಲ್ಲಿ ಒಂದೇ ಜಾಗದಲ್ಲಿ ಸೇರಿದಾಗಲಷ್ಟೇ ಗೆರೆ ಮೂಡುತ್ತದೆ. ಫಾಲ್ಸ್ ನೆಗೆಟಿವ್‌ನ ಮೂಲ ಇರುವುದು ಇಲ್ಲಿಯೇ.

'ಸಿ' ಗೆರೆ ಬಂದರೆ ಪರೀಕ್ಷೆ ಸರಿಯಾಗಿದೆ ಎಂದೇ?

ಪ್ರೋಟೀನ್ ಸಿಗದ ಚಿನ್ನದ ಕಣಗಳು 'ಟಿ' ದಾಟಿ 'ಸಿ' ಗೆರೆಗೆ ಬರುತ್ತವೆ. ಅಲ್ಲಿರುವ ಪ್ರತಿಕಾಯಗಳು ವೈರಸ್ಸನ್ನು ಹುಡುಕುವುದಿಲ್ಲ, ಚಿನ್ನ ಹೊತ್ತು ಬಂದ ಪ್ರತಿಕಾಯಗಳನ್ನೇ ಹಿಡಿಯುತ್ತವೆ. ಆದ್ದರಿಂದ 'ಸಿ' ಗೆರೆ ಎರಡು ವಿಷಯಗಳಿಗೆ ಮಾತ್ರ ಸಾಕ್ಷಿ: ದ್ರವ ಪಟ್ಟಿಯ ಕೊನೆಯವರೆಗೆ ಹರಿದಿದೆ ಮತ್ತು ಬಣ್ಣದ ಕಣಗಳು ಕದಲಿ ಬಂದಿವೆ. ಈ ಗೆರೆ ಬರದಿದ್ದರೆ ಪರೀಕ್ಷೆ ಅಸಿಂಧು, ಹೊಸ ಕಿಟ್ ಬೇಕು.

ಹಲವರು ಗಮನಿಸದ ಸಂಗತಿಯೊಂದು ಇಲ್ಲಿದೆ. ಸ್ವ್ಯಾಬ್ ಅನ್ನು ಮೂಗಿಗೆ ಹಾಕದೆಯೇ ಬರೀ ಟ್ಯೂಬಿನ ದ್ರವವನ್ನು ಹನಿಸಿದರೂ 'ಸಿ' ಗೆರೆ ಚೆನ್ನಾಗಿಯೇ ಮೂಡುತ್ತದೆ. ಮಾದರಿಯನ್ನು ಸರಿಯಾಗಿ ತೆಗೆಯಲಾಗಿದೆಯೇ ಎಂಬುದನ್ನು ಈ ಗೆರೆ ಹೇಳಲಾರದು. ಮೂಗಿನ ತುದಿಯಲ್ಲಿ ಸ್ವ್ಯಾಬ್ ಅನ್ನು ಒಮ್ಮೆ ಮುಟ್ಟಿಸಿ ತೆಗೆದವರಿಗೂ ನಿಯಮದಂತೆ ಎರಡೂ ಹೊಳ್ಳೆಗಳ ಒಳಗೋಡೆಯನ್ನು ಸವರಿದವರಿಗೂ ಕಾಣುವುದು ಒಂದೇ ರೀತಿಯ 'ಸಿ' ಗೆರೆ.

ಮಾದರಿ ಎಲ್ಲೆಲ್ಲಿ ಸೋರಿಹೋಗುತ್ತದೆ?

ಭಾರತದಲ್ಲಿ ಮೊದಲು ಅನುಮತಿ ಪಡೆದ ಆಂಟಿಜೆನ್ ಕಿಟ್‌ನ ಉದಾಹರಣೆ ನೋಡೋಣ. 2020ರ ಜೂನ್ 14ರಂದು ಐಸಿಎಂಆರ್ ಎಸ್‌ಡಿ ಬಯೋಸೆನ್ಸರ್ ಕಂಪನಿಯ ಸ್ಟ್ಯಾಂಡರ್ಡ್ ಕ್ಯೂ ಕಿಟ್ ಬಳಕೆಗೆ ಸಲಹಾಸೂಚಿ ಹೊರಡಿಸಿತು. ಈ ಕಿಟ್‌ನ ಟ್ಯೂಬಿನಲ್ಲಿ ಸುಮಾರು 350 ಮೈಕ್ರೋಲೀಟರ್ ದ್ರವ ಇರುತ್ತದೆ. ಪಟ್ಟಿಗೆ ಹಾಕುವುದು ಮೂರು ಹನಿ, ಅಂದರೆ ಸರಿಸುಮಾರು 100 ಮೈಕ್ರೋಲೀಟರ್. ಸ್ವ್ಯಾಬಿನಿಂದ ದ್ರವಕ್ಕೆ ಬಂದ ಪ್ರೋಟೀನಿನಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಮಾತ್ರ ಪಟ್ಟಿ ತಲುಪುತ್ತದೆ.

ಸ್ವ್ಯಾಬ್ ಅನ್ನು ದ್ರವದಲ್ಲಿ ಸಾಕಷ್ಟು ತಿರುಗಿಸದಿದ್ದರೆ, ಹೊರತೆಗೆಯುವಾಗ ಟ್ಯೂಬಿನ ಗೋಡೆಗೆ ಒತ್ತಿ ಹಿಂಡದಿದ್ದರೆ ಅದರಲ್ಲೂ ಒಂದು ಪಾಲು ಹತ್ತಿಯಂಥ ತುದಿಯಲ್ಲೇ ಉಳಿಯುತ್ತದೆ. ಮೂರು ಹನಿಯ ಬದಲು ಎರಡೇ ಬಿದ್ದರೆ, ಹನಿಯಲ್ಲಿ ಗಾಳಿಗುಳ್ಳೆ ಸೇರಿದರೆ ಇನ್ನಷ್ಟು ನಷ್ಟ. ವೈರಸ್ ಧಾರಾಳವಾಗಿದ್ದಾಗ ಈ ಸೋರಿಕೆಯಿಂದ ತೊಂದರೆಯಾಗದು. ಅಂಚಿನಲ್ಲಿರುವಾಗ ಮಾತ್ರ ಗೆರೆ ಮೂಡುವುದೋ ಬಿಡುವುದೋ ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಯಾವ ದಿನ ಪರೀಕ್ಷೆ ಎಂಬುದೇ ಮುಖ್ಯ

ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಸ್‌ನ ಆನುವಂಶಿಕ ವಸ್ತುವನ್ನು ಪ್ರತಿ ಸುತ್ತಿನಲ್ಲೂ ದುಪ್ಪಟ್ಟು ಮಾಡುತ್ತಾರೆ. 30 ಸುತ್ತು ಮುಗಿಯುವಷ್ಟರಲ್ಲಿ ಒಂದು ಪ್ರತಿ ನೂರು ಕೋಟಿಗೂ ಹೆಚ್ಚಾಗಬಲ್ಲದು. ಆಂಟಿಜೆನ್ ಪಟ್ಟಿಯಲ್ಲಿ ಇಂಥ ಹೆಚ್ಚಳ ಇಲ್ಲ. ಮೂಗಿನಲ್ಲಿ ಎಷ್ಟಿದೆಯೋ ಅಷ್ಟರಿಂದಲೇ ಗೆರೆ ಮೂಡಬೇಕು.

ಸೋಂಕು ತಗುಲಿದ ಮೊದಲ ಕೆಲವು ದಿನ ವೈರಸ್ ಇನ್ನೂ ಏರುತ್ತಿರುತ್ತದೆ. ಆಗ ಪಿಸಿಆರ್ ಪಾಸಿಟಿವ್ ಬಂದರೂ ಪಟ್ಟಿ ನೆಗೆಟಿವ್ ತೋರಿಸಬಹುದು. ಲಸಿಕೆ ಪಡೆದವರಲ್ಲಿ ಅಥವಾ ಹಿಂದೆ ಸೋಂಕು ಬಂದವರಲ್ಲಿ ರೋಗನಿರೋಧಕ ವ್ಯವಸ್ಥೆ ಬೇಗ ಎಚ್ಚರಗೊಳ್ಳುವುದರಿಂದ ವೈರಸ್ ಪ್ರಮಾಣ ತುತ್ತತುದಿ ಮುಟ್ಟುವ ಮೊದಲೇ ಜ್ವರ, ಗಂಟಲು ನೋವು ಶುರುವಾಗಬಹುದು. ಹಾಗಾಗಿ ಲಕ್ಷಣ ಕಾಣಿಸಿದ ಮೊದಲ ದಿನ ನೆಗೆಟಿವ್ ಬಂದು ಮೂರನೇ ದಿನ ಪಾಸಿಟಿವ್ ಆಗುವುದು ವಿಚಿತ್ರವೇನಲ್ಲ. ವಾರ ಕಳೆದ ಮೇಲೆ ವೈರಸ್ ಇಳಿಮುಖವಾದಾಗ ಮತ್ತೆ ಗೆರೆ ಮಾಯವಾಗುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ಕಾಕ್ರೇನ್ ಪರಾಮರ್ಶೆಯಲ್ಲೂ ಇದು ಕಾಣುತ್ತದೆ. ಲಕ್ಷಣ ಶುರುವಾದ ಮೊದಲ ವಾರದಲ್ಲಿ ಸೋಂಕಿತರ ಪೈಕಿ ಸರಾಸರಿ ಶೇ 78ರಷ್ಟು ಮಂದಿಯನ್ನು ಈ ಪರೀಕ್ಷೆಗಳು ಗುರುತಿಸಿದರೆ, ಎರಡನೇ ವಾರದಲ್ಲಿ ಅದು ಶೇ 51ಕ್ಕೆ ಇಳಿಯಿತು. ಲಕ್ಷಣ ಇದ್ದವರ ಒಟ್ಟು ಸರಾಸರಿ ಶೇ 72, ಲಕ್ಷಣವೇ ಇಲ್ಲದವರಲ್ಲಿ ಶೇ 58.

ನೂರು ಜನರ ಲೆಕ್ಕ

ಈ ಶೇಕಡಾವಾರು ಮನೆಮಂದಿಗೆ ಏನು ಹೇಳುತ್ತದೆ? ಕೋವಿಡ್ ಜೋರಾಗಿ ಹರಡುತ್ತಿರುವ ಸಮಯದಲ್ಲಿ ಜ್ವರ, ಕೆಮ್ಮು ಇರುವ 100 ಮಂದಿ ಕಿಟ್ ಬಳಸಿದರು ಎಂದುಕೊಳ್ಳಿ. ಅವರಲ್ಲಿ ನಿಜವಾಗಿ 40 ಮಂದಿಗೆ ಸೋಂಕಿದೆ. ಶೇ 72ರ ಲೆಕ್ಕದಲ್ಲಿ 29 ಮಂದಿ ಪಾಸಿಟಿವ್ ಆಗುತ್ತಾರೆ, 11 ಮಂದಿ ತಪ್ಪಿಹೋಗುತ್ತಾರೆ. ಸೋಂಕಿಲ್ಲದ 60 ಮಂದಿಯೂ ಸೇರಿದರೆ ನೆಗೆಟಿವ್ ಬಂದವರು 71. ಅಂದರೆ ನೆಗೆಟಿವ್ ಎಂದುಕೊಂಡು ಓಡಾಡುವ ಆರೇಳು ಮಂದಿಯಲ್ಲಿ ಒಬ್ಬರಿಗೆ ಸೋಂಕು ಇದ್ದೇ ಇದೆ.

ಅದೇ ಅಲೆ ಇಳಿದ ಮೇಲೆ 100 ಮಂದಿಯಲ್ಲಿ ಐವರಿಗೆ ಮಾತ್ರ ಸೋಂಕಿದ್ದರೆ, ನೆಗೆಟಿವ್ ಬಂದ ಸುಮಾರು 96 ಮಂದಿಯಲ್ಲಿ ತಪ್ಪಿಹೋದವರು ಒಬ್ಬಿಬ್ಬರು. ಕಿಟ್ ಅದೇ, ಅದರ ಸಾಮರ್ಥ್ಯವೂ ಅದೇ. ಆದರೂ ಮನೆಯಲ್ಲಿ ಇನ್ನೊಬ್ಬರಿಗೆ ಈಗಾಗಲೇ ಪಾಸಿಟಿವ್ ಬಂದಿದ್ದು ನಿಮಗೂ ಜ್ವರ ಇದ್ದರೆ ನೆಗೆಟಿವ್ ಗೆರೆಯನ್ನು ನಂಬುವಂತಿಲ್ಲ.

ಬಿಸಿಲು, ತೇವ ಮತ್ತು ಗಡಿಯಾರ

ಕಿಟ್‌ಗಳನ್ನು ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ದೆಹಲಿ ಅಥವಾ ಹೈದರಾಬಾದ್‌ನ ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಈ ಮಿತಿ ಸುಲಭವಾಗಿ ಮೀರುತ್ತದೆ. ಪ್ರತಿಕಾಯಗಳೂ ಪ್ರೋಟೀನ್‌ಗಳೇ ಆಗಿರುವುದರಿಂದ ಶಾಖಕ್ಕೆ ಹಿಡಿತ ಕಳೆದುಕೊಳ್ಳುತ್ತವೆ. 'ಟಿ' ಗೆರೆಯ ಶಕ್ತಿ ಕುಂದಿದ್ದರೂ 'ಸಿ' ಗೆರೆ ಬರಬಹುದು. ಫ್ರಿಜ್‌ನಿಂದ ತೆಗೆದ ಕಿಟ್ ಅನ್ನು ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆಯೇ ಬಳಸಬೇಕು. ಮುಂಬೈ, ಚೆನ್ನೈನಂಥ ತೇವದ ಹವೆಯಲ್ಲಿ ಫಾಯಿಲ್ ಪೊಟ್ಟಣವನ್ನು ಮೊದಲೇ ಒಡೆದು ಇಡಬಾರದು. ಪಟ್ಟಿ ಗಾಳಿಯ ತೇವ ಹೀರಿಕೊಂಡರೆ ದ್ರವದ ಹರಿವು ಕೆಡುತ್ತದೆ.

ಸಮಯವೂ ಅಷ್ಟೇ ಮುಖ್ಯ. ಐದು ನಿಮಿಷಕ್ಕೇ ನೋಡಿ ಬಿಸಾಡಿದರೆ ನಿಧಾನವಾಗಿ ಮೂಡಬೇಕಿದ್ದ ತೆಳು ಗೆರೆ ತಪ್ಪಿಹೋಗುತ್ತದೆ. ಪುಣೆಯ ಮೈಲ್ಯಾಬ್ ತಯಾರಿಸಿದ, 2021ರ ಮೇ ತಿಂಗಳಲ್ಲಿ ಮನೆ ಬಳಕೆಗೆ ಅನುಮತಿ ಪಡೆದ ಕೋವಿಸೆಲ್ಫ್ ಕಿಟ್‌ನಲ್ಲಿ 15 ನಿಮಿಷ ಕಾಯಬೇಕು, 20 ನಿಮಿಷದ ನಂತರ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ನಿಗದಿತ ಸಮಯದೊಳಗೆ 'ಸಿ' ಜತೆ 'ಟಿ' ಗೆರೆ ಎಷ್ಟೇ ಮಸುಕಾಗಿ ಕಂಡರೂ ಅದು ಪಾಸಿಟಿವ್. ಬೆಳಕು ಕಡಿಮೆ ಇದ್ದಲ್ಲಿ ನೋಡಿ 'ಗೆರೆ ಇಲ್ಲ' ಎಂದುಕೊಳ್ಳುವುದೂ ಫಾಲ್ಸ್ ನೆಗೆಟಿವ್‌ಗೆ ಒಂದು ಕಾರಣ.

ನೆಗೆಟಿವ್ ಬಂದರೆ ಮುಂದೇನು?

ಐಸಿಎಂಆರ್ 2020ರಲ್ಲೇ ಮೌಲ್ಯಮಾಪನದ ಫಲಿತಾಂಶ ತಿಳಿಸಿತ್ತು. ಎರಡು ಕಡೆ ನಡೆದ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಕ್ಯೂ ಕಿಟ್ ಸೋಂಕಿತರನ್ನು ಗುರುತಿಸಿದ ಪ್ರಮಾಣ ಶೇ 50.6ರಿಂದ ಶೇ 84ರವರೆಗೆ ಇತ್ತು. ಸೋಂಕಿಲ್ಲದವರನ್ನು ಸರಿಯಾಗಿ ಹೇಳಿದ್ದು ಶೇ 99.3ರಿಂದ ಶೇ 100. ಹಾಗಾಗಿಯೇ ಪಾಸಿಟಿವ್ ಬಂದರೆ ಮರುಪರೀಕ್ಷೆ ಬೇಡ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕು ಎಂಬ ನಿಯಮ ಬಂತು. ಮನೆ ಕಿಟ್‌ಗೂ ಇದೇ ನಿಯಮ ಅನ್ವಯಿಸಿತು.

ಅಮೆರಿಕದ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಇನ್ನೊಂದು ದಾರಿ ಸೂಚಿಸಿತು. ಲಕ್ಷಣ ಇರುವವರು ನೆಗೆಟಿವ್ ಬಂದ 48 ಗಂಟೆಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಲಕ್ಷಣ ಇಲ್ಲದೆ ಸೋಂಕಿತರ ಸಂಪರ್ಕಕ್ಕೆ ಬಂದವರು 48 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಬಾರಿ ಪರೀಕ್ಷಿಸಬೇಕು. ಏರುತ್ತಿರುವ ವೈರಸ್ ಎರಡು ದಿನದಲ್ಲಿ ಪಟ್ಟಿಯ ಮಿತಿ ದಾಟಲಿ ಎಂಬುದೇ ಈ ಅಂತರದ ಉದ್ದೇಶ. ಅದೇ ದಿನ ಅರ್ಧ ಗಂಟೆ ಬಿಟ್ಟು ಇನ್ನೊಂದು ಕಿಟ್ ಬಳಸಿದರೆ ಈ ಲಾಭ ಸಿಗುವುದಿಲ್ಲ. ಕಿಟ್ ಬಿಸಿಲಿನಲ್ಲಿ ಕೆಟ್ಟಿರುವ ಅನುಮಾನ ಇದ್ದರೆ ಅದೇ ಪೆಟ್ಟಿಗೆಯ ಎರಡನೇ ಪಟ್ಟಿಯಿಂದಲೂ ಪ್ರಯೋಜನವಿಲ್ಲ.

ಮನೆಯಲ್ಲಿ ವೃದ್ಧರು, ಮಧುಮೇಹಿಗಳು ಅಥವಾ ಕಿಮೋಥೆರಪಿ ಪಡೆಯುತ್ತಿರುವವರು ಇದ್ದರೆ ಎರಡನೇ ಫಲಿತಾಂಶ ಬರುವವರೆಗೆ ಮಾಸ್ಕ್ ಧರಿಸಿ ಬೇರೆ ಕೋಣೆಯಲ್ಲಿರುವುದು ಸುರಕ್ಷಿತ. ಉಸಿರಾಟದ ತೊಂದರೆ, ಎದೆನೋವು ಅಥವಾ ಆಮ್ಲಜನಕ ಪ್ರಮಾಣ ಇಳಿಕೆ ಕಂಡುಬಂದರೆ ಗೆರೆ ಒಂದೇ ಇರಲಿ ಎರಡೇ ಇರಲಿ, ತಡಮಾಡದೆ ವೈದ್ಯರನ್ನು ಕಾಣಬೇಕು.