ರಕ್ತ ಬೇಕಾಗಿದೆ: ಒಂದು ಸಂದೇಶದ ತಿದ್ದುಪಡಿ

‘ಅರ್ಜೆಂಟ್! ಮಗು ಸಾವು-ಬದುಕಿನ ನಡುವೆ! ಬಿ ನೆಗೆಟಿವ್ ರಕ್ತ ಬೇಕು, ಎಲ್ಲರಿಗೂ ಕಳಿಸಿ’ ಎಂಬ ಸಂದೇಶವೊಂದು ಬೆಂಗಳೂರಿನಿಂದ ಹೊರಟು ವಿದೇಶದಲ್ಲಿರುವ ನನ್ನ ಫೋನಿಗೂ ಬಂದಿತು. ಅದರಲ್ಲಿ ಊರಿಲ್ಲ, ದಿನಾಂಕವಿಲ್ಲ, ಇರುವುದು ಗಾಬರಿಯೊಂದೇ.

ಬರೆಯುವ ಮುನ್ನ ರಕ್ತನಿಧಿಯವರನ್ನು ಒಂದು ಮಾತು ಕೇಳಬೇಕು: ಅದೇ ಗುಂಪಿನ ದಾನಿಯೇ ಬೇಕೇ, ಅಥವಾ ಕೊಟ್ಟ ರಕ್ತಕ್ಕೆ ಬದಲಿಯಾಗಿ ಯಾವ ಗುಂಪಿನವರಾದರೂ ಸಾಕೇ? ನಮ್ಮಲ್ಲಿ ಎಷ್ಟೋ ಬಾರಿ ಕೇಳುವುದು ಬದಲಿ ರಕ್ತವನ್ನು. ಆಗ ಅಪರೂಪದ ಗುಂಪನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕಾಗಿಲ್ಲ. ಕೆಂಪು ಕಣವೋ ಪ್ಲೇಟ್‌ಲೆಟ್ಟೋ ಎಂಬುದನ್ನೂ ತಿಳಿದುಕೊಳ್ಳಬೇಕು.

ಅದೇ ಗುಂಪು ಬೇಕೆಂದಾದರೆ ನಾನು ಹೀಗೆ ತಿದ್ದುವೆನು:

‘ಬಿ ನೆಗೆಟಿವ್ ಕೆಂಪು ರಕ್ತಕಣ, 2 ಯೂನಿಟ್. ಬೆಂಗಳೂರು, ಜಯನಗರ 4ನೇ ಬ್ಲಾಕ್, ಆಸ್ಪತ್ರೆಯ ಹೆಸರು, ಅದರ ರಕ್ತನಿಧಿ. ಶಸ್ತ್ರಚಿಕಿತ್ಸೆ 14ರ ಗುರುವಾರ. ದಾನಿಗಳು 12ರ ಮಂಗಳವಾರ ಬೆಳಿಗ್ಗೆ 9ರಿಂದ ಸಂಜೆ 5ರೊಳಗೆ ಬರಬೇಕಾಗಿ ಕೋರಿಕೆ. ಸಂಪರ್ಕ: ರೋಗಿಯ ಅಣ್ಣ, ಮೊಬೈಲ್ ಸಂಖ್ಯೆ. 13ರ ನಂತರ ಈ ಸಂದೇಶವನ್ನು ಕಳುಹಿಸಬೇಡಿ.’

ಎರಡು ದಿನ ಮುಂಚಿತವಾಗಿ ಕರೆಯುವುದಕ್ಕೆ ಕಾರಣವುಂಟು. ಪಡೆದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಮೊದಲಾದ ಸೋಂಕುಗಳಿಗಾಗಿ ಪರೀಕ್ಷಿಸದೆ ಯಾರಿಗೂ ಕೊಡುವಂತಿಲ್ಲ. ‘ಈಗಲೇ ಓಡಿಬನ್ನಿ’ ಎಂದರೂ ಆ ರಕ್ತ ಆ ಕ್ಷಣಕ್ಕೆ ಒದಗದು.

ರೋಗಿಯ ಹೆಸರು, ಭಾವಚಿತ್ರ, ಕಾಯಿಲೆಯ ವಿವರ ಬೇಡ. ದಾನಿಗೆ ಅವುಗಳಿಂದ ಉಪಯೋಗವಿಲ್ಲ. ಫೋನು ಎತ್ತುವವರು ಆಸ್ಪತ್ರೆಯಲ್ಲೇ ಇರುವ ಒಬ್ಬರಾಗಿರಲಿ. ರಕ್ತ ದೊರೆತೊಡನೆ ‘ದೊರೆತಿದೆ’ ಎಂದು ತಿಳಿಸಿದರೂ ಹಳೆಯ ಸಂದೇಶ ಕೈಯಿಂದ ಕೈಗೆ ಸುತ್ತುತ್ತಲೇ ಇರುತ್ತದೆ. ಕೊನೆಯ ದಿನಾಂಕವನ್ನು ಅದರೊಳಗೇ ಬರೆದದ್ದು ಅದಕ್ಕಾಗಿಯೇ.